ಕಾರ್ಬಮೇಟ್ ಒಂದೇ ದಿನಕ್ಕೆ ಬಿಡುತ್ತದೆ, ಓಪಿ ಯಾಕೆ ಬಿಡುವುದಿಲ್ಲ?

ಪ್ರಶ್ನೆ: ಹೌಸ್ ಸರ್ಜನ್

ಒಂದೇ ದಿನ ಇಬ್ಬರು ವಿಷ ಸೇವನೆಯ ರೋಗಿಗಳು ಬಂದರು. ಒಬ್ಬರದು ಕಾರ್ಬಮೇಟ್ ಕೀಟನಾಶಕವಾದ ಕಾರ್ಬೊಫ್ಯುರಾನ್ ಹರಳು, ಇನ್ನೊಬ್ಬರದು ಆರ್ಗನೊಫಾಸ್ಫೇಟ್, ಅಂದರೆ ಓಪಿ ಗುಂಪಿನ ಕ್ಲೋರ್‌ಪೈರಿಫಾಸ್. ಇಬ್ಬರಿಗೂ ಜೊಲ್ಲು, ಬೆವರು, ಸೂಜಿಮೊನೆಯಷ್ಟು ಪಾಪೆ, ಎದೆಯಲ್ಲಿ ಗೊರಗೊರ ಇತ್ತು. ಅಟ್ರೋಪಿನ್‌ಗೆ ಇಬ್ಬರೂ ಸುಧಾರಿಸಿದರು. ಮೊದಲನೆಯವರು ಮರುದಿನ ಸಂಜೆ ಎದ್ದು ಕುಳಿತರು. ಎರಡನೆಯವರು ಎರಡು ದಿನ ಚೆನ್ನಾಗಿದ್ದು ಮೂರನೇ ದಿನ ಉಸಿರು ಸಾಲದೆ ಟ್ಯೂಬ್ ಹಾಕಬೇಕಾಯಿತು. ಆಗ ಎದೆ ತಿಳಿಯಾಗಿತ್ತು, ಪಾಪೆ ದೊಡ್ಡದಾಗಿತ್ತು. ಅಟ್ರೋಪಿನ್ ಇನ್ನೂ ಏರಿಸಬೇಕಿತ್ತೇ?

ಐಸಿಯು ವೈದ್ಯೆ

ಇಲ್ಲ. ಎದೆ ತಿಳಿಯಾಗಿ, ಪಾಪೆ ಹಿಗ್ಗಿ, ಕಂಕುಳು ಒಣಗಿದ್ದರೆ ಅಟ್ರೋಪಿನ್ ತನ್ನ ಕೆಲಸ ಮುಗಿಸಿದೆ ಎಂದೇ ಅರ್ಥ. ಅದು ತಡೆಯುವುದು ಮಸ್ಕರಿನಿಕ್ ಗ್ರಾಹಕಗಳನ್ನು ಮಾತ್ರ: ಗ್ರಂಥಿಗಳು, ಶ್ವಾಸನಾಳ, ಹೃದಯ, ಕರುಳು. ನರ ಸ್ನಾಯುವನ್ನು ಸೇರುವ ಜಾಗದಲ್ಲಿರುವುದು ನಿಕೋಟಿನಿಕ್ ಗ್ರಾಹಕ. ಅಲ್ಲಿ ಅಟ್ರೋಪಿನ್ ಎಷ್ಟು ಸುರಿದರೂ ಏನೂ ಆಗದು. ನಿಮ್ಮ ಎರಡನೇ ರೋಗಿ ಸೋತದ್ದು ಅಲ್ಲಿಯೇ. 1987ರಲ್ಲಿ ಶ್ರೀಲಂಕಾದ ಸೇನಾನಾಯಕೆ ಮತ್ತು ಕರಳ್ಳಿಯದ್ದೆ ವಿವರಿಸಿದ ಇಂಟರ್ಮೀಡಿಯೆಟ್ ಸಿಂಡ್ರೋಮ್ ಇದು. ಸಾಮಾನ್ಯವಾಗಿ ವಿಷ ಸೇರಿದ 24ರಿಂದ 96 ಗಂಟೆಗಳ ನಡುವೆ, ಜೊಲ್ಲು ಬೆವರೆಲ್ಲ ನಿಂತ ಮೇಲೆ ಬರುತ್ತದೆ. ಮೊದಲು ಸೋಲುವುದು ಕತ್ತು ಎತ್ತುವ ಸ್ನಾಯುಗಳು, ಆಮೇಲೆ ಭುಜ, ತೊಡೆ, ಕಣ್ಣು-ಮುಖದ ಸ್ನಾಯುಗಳು, ಕೊನೆಗೆ ಉಸಿರು. ಓಪಿ ರೋಗಿಯನ್ನು ಪ್ರತಿ ಪಾಳಿಯಲ್ಲೂ ‘ದಿಂಬಿನಿಂದ ತಲೆ ಎತ್ತಿ ಹಿಡಿಯಿರಿ’ ಎಂದು ಕೇಳಿ. ತಲೆ ಏಳದಿದ್ದರೆ ಆಮ್ಲಜನಕದ ಅಂಕಿ ಇನ್ನೂ 97 ತೋರಿಸುತ್ತಿದ್ದರೂ ಟ್ಯೂಬ್, ವೆಂಟಿಲೇಟರ್ ಸಿದ್ಧ ಮಾಡಿಕೊಳ್ಳಿ, ಇಲ್ಲದ ಕಡೆ ಆಗಲೇ ದೊಡ್ಡಾಸ್ಪತ್ರೆಗೆ ಕಳಿಸಿ. ಅಂಕಿ ಇಳಿಯುವುದು ಕೊನೆಯ ಹಂತದಲ್ಲಿ. ಇದಕ್ಕೆ ಮದ್ದೆಂದರೆ ಸ್ನಾಯು ಚೇತರಿಸುವವರೆಗೆ ವೆಂಟಿಲೇಟರ್ ಮಾತ್ರ, ಅದು ಒಂದೆರಡು ವಾರ ಹಿಡಿಯಬಹುದು.

ಇನ್ನು ಕಾರ್ಬಮೇಟ್ ರೋಗಿ ಯಾಕೆ ಪಾರಾದರು ಎಂಬುದು. ಅಸಿಟೈಲ್ಕೋಲಿನ್ ಅನ್ನು ಒಡೆಯುವ ಕಿಣ್ವದಲ್ಲಿ ಒಂದು ಸೀರಿನ್ ಇದೆ. ಸಹಜವಾಗಿ ಅದಕ್ಕೆ ಅಂಟುವ ಅಸಿಟೈಲ್ ತುಣುಕನ್ನು ನೀರು ಮೈಕ್ರೋಸೆಕೆಂಡುಗಳಲ್ಲಿ ಕಳಚುತ್ತದೆ. ಕಾರ್ಬಮೇಟ್ ಅಂಟಿದರೆ ಕಳಚಲು ಅರ್ಧ ಗಂಟೆಯ ಆಸುಪಾಸು ಬೇಕು, ಆದರೆ ತಾನಾಗಿಯೇ ಕಳಚುತ್ತದೆ. ಹೊಟ್ಟೆಯಿಂದ ವಿಷ ಇನ್ನೂ ರಕ್ತಕ್ಕೆ ಸೇರುತ್ತಿರುವವರೆಗೆ ಕಿಣ್ವ ಮತ್ತೆ ಮತ್ತೆ ಸಿಕ್ಕಿಬೀಳುತ್ತದೆ. ಸೇರುವುದು ನಿಂತರೆ 24–48 ಗಂಟೆಯಲ್ಲಿ ರೋಗಿ ಹಗುರಾಗುತ್ತಾರೆ. ಓಪಿಯ ಫಾಸ್ಫೇಟ್ ತುಣುಕು ಹಾಗಲ್ಲ. ಕ್ಲೋರ್‌ಪೈರಿಫಾಸ್‌ನಂಥ ಡೈಈಥೈಲ್ ಗುಂಪಿನವು ಅಂಟಿದರೆ ಕಿಣ್ವದ ಅರ್ಧಪಾಲು ತಾನಾಗಿ ಬಿಡಿಸಿಕೊಳ್ಳಲು ಸುಮಾರು 31 ಗಂಟೆ ಬೇಕು. ಅಷ್ಟರಲ್ಲಿ ಇನ್ನೊಂದು ಕ್ರಿಯೆಯೂ ನಡೆಯುತ್ತಿರುತ್ತದೆ: ಫಾಸ್ಫೇಟ್ ತನ್ನ ಒಂದು ಈಥೈಲ್ ಗುಂಪನ್ನು ಕಳೆದುಕೊಂಡು ಬಿಗಿಯಾಗುತ್ತದೆ. ಇದಕ್ಕೆ ಏಜಿಂಗ್ ಎನ್ನುತ್ತಾರೆ. ಇದರ ಅರ್ಧಾವಧಿ ಸುಮಾರು 33 ಗಂಟೆ. ಹಾಗೆ ಬಿಗಿದ ಕಿಣ್ವವನ್ನು ಯಾವ ಮದ್ದೂ ಬಿಡಿಸಲಾರದು, ದೇಹ ಹೊಸದನ್ನೇ ತಯಾರಿಸಬೇಕು.

ಫಾರ್ಮಸಿ ವಿದ್ಯಾರ್ಥಿ

ಅಂದರೆ ಈ ಕಿಣ್ವವನ್ನು ತಡೆಯುವವುಗಳಲ್ಲಿ ರಿವರ್ಸಿಬಲ್‌ಗಳೆಲ್ಲ ಅದರ ಮೇಲೆ ಸುಮ್ಮನೆ ಕೂತು ಎದ್ದು ಹೋಗುತ್ತವೆ, ಗಟ್ಟಿ ಬಂಧ ಕಟ್ಟುವುದು ಇರ್ರಿವರ್ಸಿಬಲ್ ಮಾತ್ರ, ಅಲ್ವಾ ಮೇಡಂ? ನಿಯೋಸ್ಟಿಗ್ಮಿನ್ ಹಾಗಾಗಿಯೇ ಸುರಕ್ಷಿತ.

ಅರಿವಳಿಕೆ ತಜ್ಞರು

ಅರ್ಧ ಸರಿ. ಸುಮ್ಮನೆ ಕೂತು ಎದ್ದು ಹೋಗುವುದು ಎಡ್ರೊಫೋನಿಯಂ. ಅದಕ್ಕೇ ಅದರ ಪರಿಣಾಮ ಹತ್ತು ನಿಮಿಷದ ಮಾತು. ನಿಯೋಸ್ಟಿಗ್ಮಿನ್, ಪಿರಿಡೋಸ್ಟಿಗ್ಮಿನ್, ಫೈಸೊಸ್ಟಿಗ್ಮಿನ್ ಮೂರೂ ಕಾರ್ಬಮೇಟ್‌ಗಳೇ. ಕಾರ್ಬೊಫ್ಯುರಾನ್ ಕಟ್ಟುವ ಅದೇ ಗಟ್ಟಿ ಬಂಧವನ್ನು ಅದೇ ಸೀರಿನ್ ಮೇಲೆ ಇವೂ ಕಟ್ಟುತ್ತವೆ. ವ್ಯತ್ಯಾಸ ಬಂಧ ಇದೆಯೋ ಇಲ್ಲವೋ ಎಂಬುದರಲ್ಲಲ್ಲ, ಎಷ್ಟು ಹೊತ್ತಿಗೆ ಕಳಚುತ್ತದೆ ಎಂಬುದರಲ್ಲಿ.

ಸುರಕ್ಷಿತ ಎಂಬ ಮಾತನ್ನೂ ಹಾಗೇ ಬಿಡಬೇಡಿ. ಆಪರೇಷನ್ ಮುಗಿದಾಗ ಸ್ನಾಯು ಸಡಿಲಿಕೆ ಬಿಡಿಸಲು ನಾವು ಕಿಲೋಗೆ 0.05 ಮಿ.ಗ್ರಾಂ ನಿಯೋಸ್ಟಿಗ್ಮಿನ್ ಕೊಡುತ್ತೇವೆ, ಒಟ್ಟು 5 ಮಿ.ಗ್ರಾಂ ದಾಟಿಸುವುದಿಲ್ಲ. ಪ್ರತಿ 1 ಮಿ.ಗ್ರಾಂಗೆ 0.2 ಮಿ.ಗ್ರಾಂ ಗ್ಲೈಕೋಪೈರೊಲೇಟ್ ಜೊತೆಗಿರಲೇಬೇಕು. ಅದಿಲ್ಲದೆ ಕೊಟ್ಟರೆ ಹೃದಯ ಬಡಿತ ಕುಸಿಯುತ್ತದೆ, ಶ್ವಾಸನಾಳದಲ್ಲಿ ಕಫ ತುಂಬುತ್ತದೆ. ಹೌಸ್ ಸರ್ಜನ್ ಅವರು ಕಂಡ ಚಿತ್ರವೇ ಚಿಕ್ಕ ಪ್ರಮಾಣದಲ್ಲಿ ಕಾಣಿಸುತ್ತದೆ. ನಿಯೋಸ್ಟಿಗ್ಮಿನ್‌ಗೆ ವಿದ್ಯುದಾವೇಶ ಇರುವುದರಿಂದ ಮಿದುಳಿಗೆ ಇಳಿಯುವುದಿಲ್ಲ, ಫೈಸೊಸ್ಟಿಗ್ಮಿನ್ ಇಳಿಯುತ್ತದೆ. ಓಪಿಗಳೂ ಇಳಿಯುತ್ತವೆ, ಅದಕ್ಕೇ ಅಲ್ಲಿ ಫಿಟ್ಸ್, ಪ್ರಜ್ಞೆ ತಪ್ಪುವುದು.

ಟ್ಯೂಬ್ ಹಾಕುವವರಿಗೆ ಇನ್ನೊಂದು ಮಾತು. ಓಪಿ ರೋಗಿಗೆ ಸಕ್ಸಿನೈಲ್ಕೋಲಿನ್ ಬೇಡ. ಅದನ್ನು ಒಡೆಯುವ ಪ್ಲಾಸ್ಮಾ ಕೋಲಿನೆಸ್ಟರೇಸ್ ಕೂಡ ಸತ್ತಿರುತ್ತದೆ. ಕೆಲವೇ ನಿಮಿಷ ಇರಬೇಕಾದ ಸ್ನಾಯು ಸಡಿಲಿಕೆ ಗಂಟೆಗಟ್ಟಲೆ ಎಳೆಯುತ್ತದೆ. ರೊಕುರೋನಿಯಂ ಬಳಸಿ.

ಗುಂಪಿನ ಸದಸ್ಯೆ

ಇದನ್ನು ಓದಿ ಭಯವಾಯಿತು. ನಮ್ಮ ಅಮ್ಮನಿಗೆ ಮಯಸ್ತೇನಿಯಾ ಇದೆ, ಪಿರಿಡೋಸ್ಟಿಗ್ಮಿನ್ 60 ಮಿ.ಗ್ರಾಂ ಮಾತ್ರೆ ದಿನಕ್ಕೆ ನಾಲ್ಕು ತಗೋತಾರೆ. ಕೀಟನಾಶಕದ ಜಾತಿಯದ್ದೇ ಅಂದಮೇಲೆ ನಿಲ್ಲಿಸಿಬಿಡಲೇ?

ಐಸಿಯು ವೈದ್ಯೆ

ದಯವಿಟ್ಟು ನಿಲ್ಲಿಸಬೇಡಿ, ನಿಲ್ಲಿಸಿದರೆ ಅಮ್ಮನ ಉಸಿರಿಗೇ ಅಪಾಯ. ಅವರ ಕಾಯಿಲೆಯಲ್ಲಿ ಗ್ರಾಹಕಗಳು ಕಡಿಮೆಯಾಗಿವೆ, ಇರುವಷ್ಟಕ್ಕೆ ಅಸಿಟೈಲ್ಕೋಲಿನ್ ಹೆಚ್ಚು ಹೊತ್ತು ಸಿಗಲಿ ಎಂದು ಕಿಣ್ವವನ್ನು ಅಳತೆಯಲ್ಲಿ ತಡೆಯುತ್ತೇವೆ. ನಾಲ್ಕು ಮಾತ್ರೆ ಅಂದರೆ 240 ಮಿ.ಗ್ರಾಂ. ದಿನಕ್ಕೆ 450 ಮಿ.ಗ್ರಾಂ ದಾಟಿಸಬೇಕಾಗಿ ಬಂದರೆ ನ್ಯೂರಾಲಜಿಸ್ಟ್‌ಗಳು ಸಾಮಾನ್ಯವಾಗಿ ಬೇರೆ ಮದ್ದಿನ ಕಡೆ ಹೋಗುತ್ತಾರೆ. ನೀವು ಗಮನಿಸಬೇಕಾದದ್ದು ಇಷ್ಟು: ನಿಶ್ಶಕ್ತಿ ಹೆಚ್ಚಾಯಿತೆಂದು ತಾವೇ ಮಾತ್ರೆ ಏರಿಸಿಕೊಳ್ಳಬಾರದು. ನಿಶ್ಶಕ್ತಿಯ ಜೊತೆ ಜೊಲ್ಲು, ಹೊಟ್ಟೆ ನುಲಿತ, ಭೇದಿ, ಸ್ನಾಯು ಅದುರುವುದು ಕಂಡರೆ ಮಾತ್ರೆ ಹೆಚ್ಚಾಗಿರಬಹುದು. ಅವಿಲ್ಲದೆ ನುಂಗಲು, ಉಸಿರಾಡಲು ಕಷ್ಟವಾದರೆ ಕಾಯಿಲೆಯೇ ಏರಿರಬಹುದು. ಎರಡರಲ್ಲೂ ಮನೆಯಲ್ಲಿ ಕಾಯದೆ ಆಸ್ಪತ್ರೆಗೆ ಕರೆತನ್ನಿ. ಈ ಔಷಧ ಮೂತ್ರಪಿಂಡದಿಂದ ಹೊರಹೋಗುತ್ತದೆ, ಕಿಡ್ನಿ ತೊಂದರೆ ಇದ್ದರೆ ವೈದ್ಯರಿಗೆ ಹೇಳಿ.

ಹೌಸ್ ಸರ್ಜನ್

ಧನ್ಯವಾದ ಮೇಡಂ. ಮೊದಲ ಗಂಟೆಯ ಅಟ್ರೋಪಿನ್ ಲೆಕ್ಕ ಒಮ್ಮೆ ಹೇಳುತ್ತೀರಾ? ನಮ್ಮಲ್ಲಿ ಕೆಲವರು ಎರಡು ಆಂಪೂಲ್ ಕೊಟ್ಟು ಅರ್ಧ ಗಂಟೆ ಕಾಯುತ್ತಾರೆ.

ಐಸಿಯು ವೈದ್ಯೆ

ಅರ್ಧ ಗಂಟೆ ಕಾದರೆ ರೋಗಿ ತನ್ನದೇ ಕಫದಲ್ಲಿ ಮುಳುಗುತ್ತಾನೆ. ನಮ್ಮ ಆಂಪೂಲ್ ಸಾಮಾನ್ಯವಾಗಿ 0.6 ಮಿ.ಗ್ರಾಂ. ದೊಡ್ಡವರಿಗೆ ಮೂರು ಆಂಪೂಲಿನಿಂದ, ಅಂದರೆ 1.8 ಮಿ.ಗ್ರಾಂನಿಂದ ಶುರು ಮಾಡಿ. ಐದು ನಿಮಿಷಕ್ಕೆ ಸ್ಟೆತಸ್ಕೋಪ್ ಇಟ್ಟು ನೋಡಿ, ಎದೆ ತಿಳಿಯಾಗಿಲ್ಲವೆಂದರೆ ದುಪ್ಪಟ್ಟು, 3.6. ಇನ್ನೈದು ನಿಮಿಷಕ್ಕೆ 7.2. ಇಲ್ಲಿಗೆ ಎದೆ ತಿಳಿಯಾಯಿತು, ನಾಡಿ 80 ದಾಟಿತು, ಸಿಸ್ಟಾಲಿಕ್ ಒತ್ತಡ 80ರ ಮೇಲೆ ನಿಂತಿತು, ಕಂಕುಳು ಒಣಗಿತು ಎಂದುಕೊಳ್ಳಿ. ಒಟ್ಟು 12.6 ಮಿ.ಗ್ರಾಂ, 21 ಆಂಪೂಲ್, ಅದೂ ಕಾಲು ಗಂಟೆಯೊಳಗೆ. ಈ ಒಟ್ಟಿನ ಶೇ. 10ರಿಂದ 20ರಷ್ಟನ್ನು, ಅಂದರೆ 1.3ರಿಂದ 2.5 ಮಿ.ಗ್ರಾಂ, ಗಂಟೆಗೆ ಡ್ರಿಪ್‌ನಲ್ಲಿ ಬಿಡಿ. ನಾಡಿ ಜೋರಿದೆ ಎಂದು ಅಟ್ರೋಪಿನ್ ತಡೆಹಿಡಿಯಬೇಡಿ, ಉಸಿರು ಸಾಲದಿದ್ದರೂ ನಾಡಿ ಜೋರಾಗುತ್ತದೆ. ಪಾಪೆ ತಡವಾಗಿ ಹಿಗ್ಗುತ್ತದೆ, ಅದಕ್ಕಾಗಿ ಕಾಯಬೇಡಿ. ಮುಖ್ಯ ಗುರುತು ಎದೆ. ಆದರೆ ಒಂದೇ ಕಡೆ ತಳದಲ್ಲಿ ಗೊರಗೊರ ಉಳಿದರೆ ವಾಂತಿ ಶ್ವಾಸಕೋಶಕ್ಕೆ ಇಳಿದಿರಬಹುದು, ಅಟ್ರೋಪಿನ್‌ನಿಂದ ಅದು ಹೋಗದು.

ಹೆಚ್ಚಾದದ್ದೂ ಗೊತ್ತಾಗಬೇಕು: ಕರುಳಿನ ಸದ್ದು ಪೂರ್ತಿ ನಿಲ್ಲುವುದು, ಜ್ವರ, ಹಾಸಿಗೆ ಕೆದಕುತ್ತ ಅಸಂಬದ್ಧ ಮಾತು. ಹಾಗಾದರೆ ಡ್ರಿಪ್ ನಿಲ್ಲಿಸಿ, ಪ್ರತಿ ಅರ್ಧ ಗಂಟೆಗೆ ನೋಡಿ, ಶಾಂತವಾದ ಮೇಲೆ ಮೊದಲಿನ ಶೇ. 70–80ರ ವೇಗದಲ್ಲಿ ಮತ್ತೆ ಶುರು ಮಾಡಿ. ಈ ಲೆಕ್ಕ ಕಾರ್ಬಮೇಟ್‌ಗೂ ಒಂದೇ, ಡ್ರಿಪ್ ಬೇಗ ಇಳಿಸಬಹುದು ಅಷ್ಟೇ.

ಪಿಎಚ್‌ಸಿ ವೈದ್ಯರು

ಕಿಣ್ವಕ್ಕೆ ಅಂಟಿದ ಓಪಿಯನ್ನು ಬಿಡಿಸುವ ಪ್ರಾಲಿಡಾಕ್ಸಿಮ್, ಅಂದರೆ ಪ್ಯಾಮ್ ಬಗ್ಗೆ ಯಾರೂ ಹೇಳಲಿಲ್ಲ. ಓಪಿಗೆ ಪ್ಯಾಮ್ ಕೊಡಲೇಬೇಕು, ಕಾರ್ಬಮೇಟ್‌ಗೆ ಕೊಡಲೇಬಾರದು. ನಾವು ಓದಿದ್ದು ಹೀಗೆ.

ಐಸಿಯು ವೈದ್ಯೆ

ಎರಡೂ ಅಷ್ಟು ನೇರವಾಗಿಲ್ಲ ಸಾರ್. ಕಾರ್ಬಮೇಟ್ ತಾನಾಗಿ ಕಳಚುವುದರಿಂದ ಪ್ಯಾಮ್ ಅನಗತ್ಯ, ಅದು ಸರಿ. ಕೊಡಬಾರದೆಂಬ ಮಾತು ಮುಖ್ಯವಾಗಿ ಕಾರ್ಬರಿಲ್ ಮೇಲಿನ ಪ್ರಾಣಿ ಪ್ರಯೋಗಗಳಿಂದ ಬಂದದ್ದು. ಡಬ್ಬಿ ಸಿಗದೆ, ಯಾವ ವಿಷವೆಂದೇ ಗೊತ್ತಿಲ್ಲದೆ, ಸ್ನಾಯು ಸೋತ ರೋಗಿ ಬಂದರೆ ಕಾರ್ಬಮೇಟ್ ಇರಬಹುದೆಂಬ ಅಂಜಿಕೆಯಿಂದ ಪ್ಯಾಮ್ ತಡೆಯುವುದಿಲ್ಲ.

ಓಪಿಯಲ್ಲಿ ಯಾವ ಓಪಿ, ಎಷ್ಟು ಹೊತ್ತಾಯಿತು ಎಂಬುದೇ ಮುಖ್ಯ. ಡೈಮೆಥೊಯೇಟ್‌ನಂಥ ಡೈಮೀಥೈಲ್ ಗುಂಪಿನಲ್ಲಿ ಏಜಿಂಗ್‌ನ ಅರ್ಧಾವಧಿ 3.7 ಗಂಟೆ. ಅರ್ಧ ದಿನ ಕಳೆದು ಬಂದವರಲ್ಲಿ ಬಿಡಿಸಲು ಹೆಚ್ಚೇನೂ ಉಳಿದಿರುವುದಿಲ್ಲ. ಕ್ಲೋರ್‌ಪೈರಿಫಾಸ್‌ನಲ್ಲಿ ಕೆಲವು ದಿನಗಳ ಅವಕಾಶವಿದೆ. ಪ್ರೊಫೆನೊಫಾಸ್ ಪ್ಯಾಮ್‌ಗೆ ಬಗ್ಗುವುದೇ ಇಲ್ಲವೆನ್ನಬಹುದು. ಆದ್ದರಿಂದ ಮನೆಯವರಿಗೆ ಡಬ್ಬಿ ತರಲು ಹೇಳುವುದು ಅರ್ಧ ಚಿಕಿತ್ಸೆ.

ಪಿಎಚ್‌ಸಿ ವೈದ್ಯರು

ಆದರೆ ಬಾರಾಮತಿಯ ಅಧ್ಯಯನದಲ್ಲಿ ಪ್ಯಾಮ್ ಚೆನ್ನಾಗಿ ಕೆಲಸ ಮಾಡಿತ್ತಲ್ಲ?

ಐಸಿಯು ವೈದ್ಯೆ

ಹೌದು, 2006ರದ್ದು. ಎಲ್ಲರಿಗೂ ಮೊದಲು 2 ಗ್ರಾಂ, ನಂತರ ಒಂದು ಗುಂಪಿಗೆ 48 ಗಂಟೆ ಕಾಲ ಗಂಟೆಗೆ 1 ಗ್ರಾಂ, ಇನ್ನೊಂದಕ್ಕೆ ನಾಲ್ಕು ಗಂಟೆಗೊಮ್ಮೆ 1 ಗ್ರಾಂ. ಹೆಚ್ಚು ಪಡೆದ ನೂರರಲ್ಲಿ ಒಬ್ಬರು, ಕಡಿಮೆ ಪಡೆದ ನೂರರಲ್ಲಿ ಎಂಟು ಜನ ತೀರಿಕೊಂಡರು. ಆದರೆ 2009ರಲ್ಲಿ ಪ್ರಕಟವಾದ ಶ್ರೀಲಂಕಾದ ಪ್ರಯೋಗದಲ್ಲಿ ಪ್ಯಾಮ್‌ನಿಂದ ಕೆಂಪುಕಣದ ಕಿಣ್ವ ಚೇತರಿಸಿದರೂ ಸಾವು ಕಡಿಮೆಯಾಗಲಿಲ್ಲ. ಬಾರಾಮತಿಯ ರೋಗಿಗಳು ಅಷ್ಟು ತೀವ್ರ ಸ್ಥಿತಿಯವರಲ್ಲ ಎಂಬುದು ಒಂದು ವಿವರಣೆ. ನನಗೆ ಅದು ಪೂರ್ತಿ ಒಪ್ಪಿಗೆಯಾಗಿಲ್ಲ. ಬೇಗ ಬಂದ ಡೈಈಥೈಲ್ ರೋಗಿಗೆ ನಾನು ಕೊಡುತ್ತೇನೆ: ಕಿಲೋಗೆ 30 ಮಿ.ಗ್ರಾಂ ಅರ್ಧ ಗಂಟೆಯಲ್ಲಿ, ನಂತರ ಗಂಟೆಗೆ ಕಿಲೋಗೆ 8 ಮಿ.ಗ್ರಾಂ. ಒಂದೇ ಉಸಿರಿಗೆ ತಳ್ಳಿದರೆ ವಾಂತಿ, ರಕ್ತದೊತ್ತಡ ಏರಿಕೆ, ಹೃದಯ ನಿಲ್ಲುವುದೂ ಉಂಟು.

ಅರಿವಳಿಕೆ ತಜ್ಞರು

ನಾನು ಕೊಡುವುದಿಲ್ಲ. ಆ ಹೊತ್ತಿನಲ್ಲಿ ಒಬ್ಬ ನರ್ಸ್ ಅಟ್ರೋಪಿನ್ ಮತ್ತು ಶ್ವಾಸಮಾರ್ಗದ ಮೇಲೆ ಕಣ್ಣಿಟ್ಟಿರಲಿ ಎನ್ನುತ್ತೇನೆ. ಇದರಲ್ಲಿ ನಮ್ಮಿಬ್ಬರಿಗೆ ಒಮ್ಮತವಿಲ್ಲ.

ಹೌಸ್ ಸರ್ಜನ್

ಕೊನೆಯ ಪ್ರಶ್ನೆ. ಕಾರ್ಬೊಫ್ಯುರಾನ್ ರೋಗಿಯ ಕೋಲಿನೆಸ್ಟರೇಸ್ ವರದಿ ನಾರ್ಮಲ್ ಬಂತು. ಹಾಗಾದರೆ ವಿಷವೇ ಅಲ್ಲವೇ?

ಐಸಿಯು ವೈದ್ಯೆ

ವಿಷವೇ. ಸಿರಿಂಜಿನೊಳಗೂ ಕಾರ್ಬಮೇಟ್ ಕಳಚುತ್ತಲೇ ಇರುತ್ತದೆ. ಲ್ಯಾಬ್ ತಲುಪುವ ಹೊತ್ತಿಗೆ ಕಿಣ್ವ ಚೇತರಿಸಿಕೊಂಡಿರಬಹುದು. ರಕ್ತ ತೆಗೆದ ಕೂಡಲೇ ಮಂಜುಗಡ್ಡೆಯಲ್ಲಿಟ್ಟು ತಕ್ಷಣ ಪರೀಕ್ಷೆಗೆ ಕಳಿಸಬೇಕು. ಓಪಿಯಲ್ಲೂ ಚಿಕಿತ್ಸೆ ಶುರು ಮಾಡಲು ವರದಿಗೆ ಕಾಯಬೇಡಿ. ಇನ್ನೊಂದು, ಕ್ಲೋರ್‌ಪೈರಿಫಾಸ್ ರೋಗಿಯನ್ನು ಡಿಸ್ಚಾರ್ಜ್ ಮಾಡುವಾಗ ಮೂರು ವಾರಕ್ಕೆ ಮತ್ತೆ ಬರಲು ಹೇಳಿ. ಕೆಲವು ಓಪಿಗಳು ನರಗಳಲ್ಲಿನ ಬೇರೊಂದು ಎಸ್ಟರೇಸ್ ಕಿಣ್ವವನ್ನೂ ಕೆಡಿಸುತ್ತವೆ. ಎರಡು-ಮೂರು ವಾರದ ನಂತರ ಪಾದ ಜೋಮು ಹಿಡಿಯುವುದು, ನಡೆಯುವಾಗ ಮುಂಗಾಲು ಎಳೆಯುವುದು ಶುರುವಾಗಬಹುದು. ಹಿಮ್ಮಡಿಯ ಮೇಲೆ ನಾಲ್ಕು ಹೆಜ್ಜೆ ನಡೆಸಿ ನೋಡಿ.