ಹೊಸ ಗ್ರೂಪ್ ಆರೋಗ್ಯ ವಿಮೆಗೆ ಪ್ರಶ್ನೋತ್ತರ ಹಾಳೆ: ಕೊನೇ ದಿನಾಂಕ, ಲೆಕ್ಕ ಹೇಗೆ ಬರೆಯೋದು?

ಸುಮಾ (ಪ್ರಶ್ನೆ): ನಾನು ಶಿವಮೊಗ್ಗದ ಒಂದು ಪತ್ತಿನ ಸಹಕಾರ ಸಂಘದ ಕಚೇರಿಯಲ್ಲಿದ್ದೇನೆ. ನಮ್ಮ ಸಿಬ್ಬಂದಿಗೆ ಜುಲೈ 1ರಿಂದ ಹೊಸ ಗ್ರೂಪ್ ಆರೋಗ್ಯ ವಿಮೆ ಬರುತ್ತಿದೆ. ಕುಟುಂಬಕ್ಕೆ 3 ಲಕ್ಷ ರೂಪಾಯಿ. ಬೇಕಾದವರು ಪ್ರೀಮಿಯಂ ಕಟ್ಟಿ ಅಪ್ಪ ಅಮ್ಮನನ್ನೂ ಸೇರಿಸಬಹುದು. ಎಲ್ಲರಿಗೂ ಹಂಚಲು ಎರಡು ಪುಟದ ಪ್ರಶ್ನೋತ್ತರ ಬರೆದುಕೊಡಿ ಎಂದು ನನಗೆ ಹೇಳಿದ್ದಾರೆ. ಪಾಲಿಸಿ ಓದಿದರೆ ಎಲ್ಲಾ ಕಡೆ ‘30 ದಿನದೊಳಗೆ’, ‘1 ಶೇಕಡಾ ಮಿತಿ’ ಅಂತಲೇ ಇದೆ. ಕೊನೇ ದಿನಾಂಕಗಳನ್ನೂ ಉದಾಹರಣೆಗಳನ್ನೂ ಹೇಗೆ ಬರೆದರೆ ಜನ ಎಡವುವುದಿಲ್ಲ?

ರವೀಂದ್ರ (ವಿಮಾ ಕಂಪನಿಯ ಪರವಾಗಿ ಕ್ಲೇಮ್ ನಿರ್ವಹಿಸುವ ಟಿಪಿಎ ಸಂಸ್ಥೆಯಲ್ಲಿ ಕ್ಲೇಮ್ ನೋಡುವವರು): ಸುಮಾ ಮೇಡಂ, ಮೊದಲು ದಿನಾಂಕದ ವಿಷಯ ಹೇಳುತ್ತೇನೆ. ‘30 ದಿನದೊಳಗೆ’ ಎಂದು ಬರೆದರೆ ಓದಿದವರಿಗೆ ಎರಡು ಅನುಮಾನ ಬರುತ್ತವೆ. ಯಾವತ್ತಿನಿಂದ 30 ದಿನ? ಆ ದಿನವೂ ಲೆಕ್ಕಕ್ಕೆ ಸೇರುತ್ತಾ? ಅದಕ್ಕೇ ಪ್ರತಿ ಉತ್ತರದಲ್ಲೂ ಯಾವುದರಿಂದ ಎಣಿಕೆ ಶುರು, ಎಷ್ಟು ದಿನ ಎಂದು ಹೇಳಿ, ಕ್ಯಾಲೆಂಡರಿನ ತಾರೀಖು ಹಾಕಿ ಒಂದು ಉದಾಹರಣೆ ಕೊಡಿ.

ಪ್ರಶ್ನೆಯನ್ನು ಸಿಬ್ಬಂದಿ ನಿಮ್ಮ ಟೇಬಲ್ ಹತ್ತಿರ ಬಂದು ಕೇಳುವ ಮಾತಲ್ಲೇ ಬರೆಯಿರಿ. ‘ಅವಲಂಬಿತರ ಸೇರ್ಪಡೆ ಅವಧಿ ಎಷ್ಟು?’ ಎಂದು ಯಾರೂ ಕೇಳುವುದಿಲ್ಲ. ‘ಅಮ್ಮನ ಹೆಸರು ಜುಲೈನಲ್ಲಿ ಕೊಟ್ಟರೆ ಆಗುತ್ತಾ?’ ಎಂದು ಕೇಳುತ್ತಾರೆ. ಉತ್ತರದ ಮೊದಲ ಮಾತು ‘ಆಗುತ್ತದೆ’ ಅಥವಾ ‘ಆಗುವುದಿಲ್ಲ’ ಎಂದೇ ಇರಲಿ. ಕಾರಣ ಆಮೇಲೆ ಬರಲಿ.

ಅಂದಹಾಗೆ, ಹೆಸರುಗಳ ಪಟ್ಟಿ ವಿಮಾ ಕಂಪನಿಗೆ ಯಾವತ್ತು ತಲುಪಬೇಕು?

ಸುಮಾ: ಜೂನ್ 25ಕ್ಕೆ ಸರ್. ನಮ್ಮ ಕಚೇರಿಗೆ ಜೂನ್ 20ರೊಳಗೆ ಕೊಡಿ ಎಂದು ಹೇಳೋಣ ಅಂತಿದ್ದೇವೆ. ಅಪ್ಪ ಅಮ್ಮನನ್ನು ವರ್ಷದ ಮಧ್ಯೆ ಸೇರಿಸಲು ಬರುವುದಿಲ್ಲ. ಮದುವೆಯಾದರೆ ಗಂಡ ಅಥವಾ ಹೆಂಡತಿ, ಮತ್ತು ಹೊಸದಾಗಿ ಹುಟ್ಟಿದ ಮಗುವಿಗೆ ಮಾತ್ರ 30 ದಿನ ಇದೆ.

ರವೀಂದ್ರ: ಹಾಗಾದರೆ ಹಾಳೆಯಲ್ಲಿ ಜೂನ್ 20 ಮಾತ್ರ ಹಾಕಿ. ಎರಡೂ ತಾರೀಖು ಬರೆದರೆ ಎಲ್ಲರೂ 25ನ್ನೇ ಹಿಡಿಯುತ್ತಾರೆ. ನಿಮ್ಮ ಕೈಯಲ್ಲಿ ಜನ್ಮದಿನಾಂಕ ತಪ್ಪಿದ, ಆಧಾರ್‌ನಲ್ಲಿರುವ ಹೆಸರಿಗೆ ಹೊಂದದ ಪಟ್ಟಿ ಉಳಿಯುತ್ತದೆ. ಆ ಐದು ದಿನ ಅದನ್ನು ತಿದ್ದಲಿಕ್ಕೇ ಬೇಕು. ಹೆಸರಿನ ತಪ್ಪು ಆಸ್ಪತ್ರೆಯ ವಿಮಾ ಕೌಂಟರಿನಲ್ಲಿ ಗೊತ್ತಾದರೆ ಕ್ಯಾಶ್‌ಲೆಸ್ ಅಲ್ಲೇ ನಿಲ್ಲುತ್ತದೆ.

ಉತ್ತರ ಹೀಗಿರಲಿ: ‘ಆಗುವುದಿಲ್ಲ. ಅಪ್ಪ ಅಮ್ಮನ ಹೆಸರು ಜೂನ್ 20ರ ಸಂಜೆಯೊಳಗೆ ಕಚೇರಿಗೆ ಬರಬೇಕು. ಅದು ತಪ್ಪಿದರೆ ಮುಂದಿನ ವರ್ಷ ಜುಲೈ 1ರವರೆಗೆ ಸೇರಿಸಲು ಅವಕಾಶವಿಲ್ಲ.’ ಗಡುವು ಮೀರಿದರೆ ಏನಾಗುತ್ತದೆ ಎಂಬುದು ಅದೇ ಸಾಲಿನಲ್ಲಿ ಇರಬೇಕು. ಬೇರೆ ಪುಟದಲ್ಲಿದ್ದರೆ ಯಾರೂ ನೋಡುವುದಿಲ್ಲ.

ಬಸವರಾಜ: ನಮ್ಮ ಸಂಘದಲ್ಲೂ ಇದೇ ಮಾತು ಓಡಾಡುತ್ತಿದೆ. ನಾನು ಸದಸ್ಯ, ಯಶಸ್ವಿನಿ ಕಟ್ಟಿದ್ದೇನೆ. ಈ ಹೊಸದು ಬಂದರೆ ಅದು ರದ್ದಾಗುತ್ತಾ? 3 ಲಕ್ಷ ಯಾಕೆ, ಯಶಸ್ವಿನಿಯಲ್ಲಿ 5 ಲಕ್ಷ ಇದೆಯಲ್ಲ?

ರವೀಂದ್ರ: ಬಸವರಾಜಣ್ಣ, ಇದು ಬೇರೆ. ಯಶಸ್ವಿನಿ ಸಹಕಾರ ಸಂಘಗಳ ಸದಸ್ಯರಿಗೆ ರಾಜ್ಯ ಸರ್ಕಾರದ ಯೋಜನೆ. ಸುಮಾ ಕೇಳುತ್ತಿರುವುದು ಸಂಘದಲ್ಲಿ ಸಂಬಳಕ್ಕಿರುವ ಸಿಬ್ಬಂದಿಗೆ ಸಂಘವೇ ಕೊಳ್ಳುವ ಪಾಲಿಸಿ. ನೀವು ಬರೀ ಸದಸ್ಯರಾದರೆ ಇದು ನಿಮಗೆ ಬರುವುದೇ ಇಲ್ಲ.

ಸುಮಾ: ಒಳ್ಳೆಯದಾಯಿತು ಅಣ್ಣ, ಕೇಳಿದಿರಿ. ಹಾಳೆಯನ್ನು ನೋಟಿಸ್ ಬೋರ್ಡಿಗೂ ಹಾಕುತ್ತೇವೆ, ಸದಸ್ಯರೂ ಓದುತ್ತಾರೆ. ಮೊದಲ ಪ್ರಶ್ನೆಯೇ ‘ಇದು ಯಾರಿಗೆ?’ ಎಂದಿರಲಿ. ಯಶಸ್ವಿನಿ ಅಲ್ಲ ಎಂದೂ ಅಲ್ಲೇ ಬರೆಯುತ್ತೇನೆ.

ಸರ್, ಈಗ ರೂಮ್ ಬಾಡಿಗೆ. ‘ವಿಮಾ ಮೊತ್ತದ 1 ಶೇಕಡಾ’ ಅಂದರೆ ದಿನಕ್ಕೆ 3,000. ಅಪ್ಪ ಅಮ್ಮನ ಕ್ಲೇಮಿಗೆ 10 ಶೇಕಡಾ ಕೋ-ಪೇ ಕೂಡ ಇದೆ, ಅಂದರೆ ಒಪ್ಪಿದ ಮೊತ್ತದಲ್ಲಿ ಅಷ್ಟು ಪಾಲು ನಾವೇ ಕಟ್ಟಬೇಕು.

ಮಂಜುನಾಥ: ಇದಕ್ಕೆ ಉದಾಹರಣೆಯೇ ಬೇಡ ಅಲ್ವಾ? 5,000ದ ರೂಮ್ ತಗೊಂಡರೆ ದಿನಕ್ಕೆ 2,000 ಜೇಬಿನಿಂದ. ನಾಲ್ಕು ದಿನಕ್ಕೆ 8,000. ಮುಗೀತು.

ರವೀಂದ್ರ: ಮಂಜುನಾಥ್, ರೂಮಿನ ಮಟ್ಟಿಗೆ ನಿಮ್ಮ ಲೆಕ್ಕ ಸರಿ. ಆದರೆ ಇಂಥ ಮಿತಿ ಇರುವ ಬಹಳಷ್ಟು ಪಾಲಿಸಿಗಳಲ್ಲಿ ಅಷ್ಟಕ್ಕೇ ನಿಲ್ಲುವುದಿಲ್ಲ. ದುಬಾರಿ ರೂಮಿಗೆ ಹೋದರೆ ಡಾಕ್ಟರ್ ಫೀಸು, ಆಪರೇಷನ್ ಥಿಯೇಟರ್, ನರ್ಸಿಂಗ್ ಎಲ್ಲಾ ಅದೇ ಪ್ರಮಾಣದಲ್ಲಿ ಕಡಿತವಾಗುತ್ತವೆ. ಜನ ಅತಿ ಹೆಚ್ಚು ಹಣ ಕಳೆದುಕೊಳ್ಳುವುದು ಇಲ್ಲೇ. ಹಾಗಾಗಿ ಹಾಳೆಯಲ್ಲಿ ಒಂದೇ ಒಂದು ದೊಡ್ಡ ಉದಾಹರಣೆಗೆ ಜಾಗವಿದ್ದರೆ ಅದು ಇದಕ್ಕೇ ಇರಲಿ.

ಸಿಬ್ಬಂದಿಯೊಬ್ಬರ ತಾಯಿ ನಾಲ್ಕು ದಿನ ಆಸ್ಪತ್ರೆಯಲ್ಲಿದ್ದರು ಎಂದುಕೊಳ್ಳಿ. ರೂಮ್ ದಿನಕ್ಕೆ 5,000, ಒಟ್ಟು 20,000. ಡಾಕ್ಟರ್, ಥಿಯೇಟರ್, ನರ್ಸಿಂಗ್ ಸೇರಿ 80,000. ಔಷಧಿ 24,000. ಗ್ಲೌಸು, ಅಡ್ಮಿಷನ್ ಫೀಸು ಇಂಥ, ಈ ಪಾಲಿಸಿ ಕೊಡದ ಬಾಬತ್ತು 6,000. ಬಿಲ್ಲು 1,30,000.

ರೂಮಿಗೆ ಒಪ್ಪುವುದು ನಾಲ್ಕು ದಿನಕ್ಕೆ 12,000. 5,000ಕ್ಕೆ 3,000 ಅಂದರೆ 60 ಶೇಕಡಾ, ಆದ್ದರಿಂದ 80,000ದಲ್ಲಿ ಒಪ್ಪುವುದು 48,000 ಮಾತ್ರ. ಔಷಧಿಗೆ ಈ ಕಡಿತ ಇಲ್ಲ, ಪೂರ್ತಿ 24,000. ಒಟ್ಟು 84,000. ಅದರಲ್ಲಿ ಕೋ-ಪೇ 8,400 ಹೋಗಿ ಕಂಪನಿ ಕೊಡುವುದು 75,600. ಮನೆಯವರು ಕಟ್ಟುವುದು 54,400.

ಇದರ ಪಕ್ಕದಲ್ಲೇ 3,000ದ ರೂಮಿನ ಲೆಕ್ಕ ಇಡಿ. ಬೇರೆಲ್ಲ ಬಿಲ್ಲು ಅಷ್ಟೇ ಇದ್ದರೂ ಒಟ್ಟು 1,22,000. ಒಪ್ಪುವುದು 1,16,000, ಕೋ-ಪೇ 11,600, ಕಂಪನಿ ಕೊಡುವುದು 1,04,400. ಮನೆಯವರದು 17,600. ರೂಮಿನ ಬಾಡಿಗೆ ವ್ಯತ್ಯಾಸ 8,000 ಇದ್ದದ್ದು, ಕೈಯಿಂದ ಹೋಗುವ ದುಡ್ಡಿನಲ್ಲಿ 36,800 ಆಗುತ್ತದೆ. ಹಾಳೆಯಲ್ಲಿ ಈ ಕೊನೆಯ ಸಂಖ್ಯೆಯನ್ನು ದಪ್ಪಕ್ಷರದಲ್ಲಿ ಹಾಕಿ. ಓದುವವರಿಗೆ ಬೇಕಾದದ್ದು ‘ನಾನೆಷ್ಟು ಕಟ್ಟಬೇಕು’ ಎಂಬುದು.

ಮಂಜುನಾಥ: ಇದು ಗೊತ್ತಿರಲಿಲ್ಲ. ಆದರೆ ನಮ್ಮ ಊರಿನ ಆಸ್ಪತ್ರೆಯಲ್ಲಿ ಯಾವ ರೂಮ್ ಆದರೂ ಆಪರೇಷನ್ ರೇಟು ಒಂದೇ. ಅಲ್ಲೂ ಕಡಿತ ಮಾಡುತ್ತಾರಾ?

ರವೀಂದ್ರ: ಒಳ್ಳೆ ಪ್ರಶ್ನೆ. ರೂಮಿಗೆ ತಕ್ಕಂತೆ ರೇಟು ಬದಲಾಗದ ಆಸ್ಪತ್ರೆಯಲ್ಲಿ ಈ ಕಡಿತ ಮಾಡಬಾರದು ಎಂದು ವಿಮಾ ನಿಯಂತ್ರಕ ಸಂಸ್ಥೆ 2020ರಲ್ಲೇ ಹೇಳಿದೆ. ಐಸಿಯು ಖರ್ಚಿಗೂ ಮಾಡಬಾರದು. ಆದರೂ ಕಡಿತ ಬಿದ್ದು ಬರುವುದುಂಟು. ಆಗ ಆಸ್ಪತ್ರೆಯಿಂದ ರೇಟು ಪಟ್ಟಿ ತಂದು ಮರುಪರಿಶೀಲನೆಗೆ ಬರೆಯಬೇಕು. ಸುಮಾ ಮೇಡಂ, ಉದಾಹರಣೆಯ ಕೆಳಗೆ ‘ಇದು ರೂಮಿಗೆ ತಕ್ಕಂತೆ ರೇಟು ಬದಲಾಗುವ ಆಸ್ಪತ್ರೆಯ ಲೆಕ್ಕ’ ಎಂದು ಒಂದು ಸಾಲು ಸೇರಿಸಿ. ನಿಮ್ಮ ಪಾಲಿಸಿಯಲ್ಲಿ ಈ ಕಡಿತದ ಷರತ್ತು ಇದೆಯೇ ಎಂಬುದನ್ನೂ ಮೊದಲು ನೋಡಿಕೊಳ್ಳಿ. ಇಲ್ಲದಿದ್ದರೆ ಮಂಜುನಾಥ್ ಹೇಳಿದ 8,000ದ ಲೆಕ್ಕವೇ ಆಧಾರ, ಕೋ-ಪೇ ಮಾತ್ರ ಸೇರಿಸಿಕೊಳ್ಳಬೇಕು.

ನಜ್ಮಾ: ನನ್ನದೊಂದು ಅನುಭವ ಹೇಳಲಾ? ನಮ್ಮೆಜಮಾನರಿಗೆ ಆಪರೇಷನ್ ಆದಾಗ ನಾವೇ ದುಡ್ಡು ಕಟ್ಟಿದ್ವಿ. ಡಿಸ್ಚಾರ್ಜ್ ಆದ ಮೇಲೂ ಫಿಸಿಯೋಥೆರಪಿ, ಸ್ಕ್ಯಾನಿಂಗ್ ನಡೀತಾ ಇತ್ತು. ಎಲ್ಲಾ ಮುಗಿದ ಮೇಲೆ ಒಟ್ಟಿಗೆ ಕಳಿಸೋಣ ಅಂತ ಕಾದೆ. ಕಚೇರಿಯಲ್ಲಿ ಕೊಟ್ಟ ಹಾಳೆಯಲ್ಲಿ ‘ಡಿಸ್ಚಾರ್ಜ್ ನಂತರದ 60 ದಿನದ ಖರ್ಚು ಸಿಗುತ್ತದೆ’ ಅಂತಷ್ಟೇ ಇತ್ತು. ಆಸ್ಪತ್ರೆ ಬಿಲ್ಲಿಗೆ ತಡವಾಯ್ತು ಅಂತ ತಿರಸ್ಕಾರದ ಪತ್ರ ಬಂತು.

ರವೀಂದ್ರ: ನಜ್ಮಾ ಅಕ್ಕ, ನಿಮ್ಮ ತಪ್ಪೇನಿಲ್ಲ, ಹಾಳೆ ಅರ್ಧ ಮಾತ್ರ ಹೇಳಿದೆ. ಅಲ್ಲಿ ಎರಡು ಗಡುವು ಇದ್ದವು. ಸುಮಾ ಮೇಡಂ, ನಿಮ್ಮ ಪಾಲಿಸಿಯಲ್ಲಿ ಹೇಗಿದೆ?

ಸುಮಾ: ಆಸ್ಪತ್ರೆ ಬಿಲ್ಲಿಗೆ ಡಿಸ್ಚಾರ್ಜ್‌ನಿಂದ 30 ದಿನ. ಆಮೇಲಿನ ಖರ್ಚಿಗೆ, ಆ 60 ದಿನ ಮುಗಿದ ಮೇಲೆ 15 ದಿನ.

ರವೀಂದ್ರ: ಹಾಗಾದರೆ ಒಬ್ಬರದೇ ಕಥೆಯನ್ನು ಉದ್ದಕ್ಕೂ ನಡೆಸಿ. ‘ಜುಲೈ 12ಕ್ಕೆ ಡಿಸ್ಚಾರ್ಜ್. ಎಣಿಕೆ 13ರಿಂದ ಶುರು. ಆಸ್ಪತ್ರೆಯ ಬಿಲ್ಲು, ಡಿಸ್ಚಾರ್ಜ್ ಸಮ್ಮರಿ, ರಸೀದಿಗಳು ಆಗಸ್ಟ್ 11ರೊಳಗೆ ತಲುಪಬೇಕು. ಸೆಪ್ಟೆಂಬರ್ 10ರವರೆಗಿನ ಔಷಧಿ, ಪರೀಕ್ಷೆಯ ಖರ್ಚಿಗೆ ಎರಡನೇ ಕ್ಲೇಮ್. ಅದರ ಬಿಲ್ಲುಗಳು ಸೆಪ್ಟೆಂಬರ್ 25ರೊಳಗೆ.’ ಕೆಳಗೆ ‘ಎರಡನೆಯದಕ್ಕಾಗಿ ಕಾದು ಮೊದಲನೆಯದನ್ನು ತಡ ಮಾಡಬೇಡಿ’ ಎಂದು ಬರೆಯಿರಿ. ‘ತಲುಪಬೇಕು’ ಎಂದರೆ ನಿಮ್ಮ ಕಚೇರಿಗೋ ಟಿಪಿಎಗೋ, ಅದೂ ಇರಲಿ. ಎಣಿಕೆ ಮರುದಿನದಿಂದ ಎಂಬುದನ್ನು ಕಂಪನಿಯಿಂದ ಇಮೇಲಿನಲ್ಲಿ ಬರೆಸಿಕೊಳ್ಳಿ.

ನಜ್ಮಾ ಅಕ್ಕ, ತಡಕ್ಕೆ ತಕ್ಕ ಕಾರಣ ಇದ್ದರೆ, ತಡವಾಯಿತು ಎಂಬ ಒಂದೇ ನೆಪಕ್ಕೆ ನಿಜವಾದ ಕ್ಲೇಮ್ ತಿರಸ್ಕರಿಸಬಾರದು ಎಂದು 2011ರಲ್ಲೇ ಕಂಪನಿಗಳಿಗೆ ಸೂಚನೆ ಹೋಗಿದೆ. ಚಿಕಿತ್ಸೆ ನಡೆಯುತ್ತಿತ್ತು ಎಂಬ ಡಾಕ್ಟರ ಪತ್ರ ಇಟ್ಟು ಕಂಪನಿಯ ದೂರು ವಿಭಾಗಕ್ಕೆ ಬರೆಯಿರಿ. ಅಲ್ಲಿ ಆಗದಿದ್ದರೆ ವಿಮಾ ಒಂಬುಡ್ಸ್‌ಮನ್ ಇದ್ದಾರೆ. ಕರ್ನಾಟಕದ ಕಚೇರಿ ಬೆಂಗಳೂರಿನಲ್ಲಿದೆ. ಅಲ್ಲಿಗೂ ಕಂಪನಿಯ ತಿರಸ್ಕಾರ ಬಂದು ಒಂದು ವರ್ಷದೊಳಗೆ ಹೋಗಬೇಕು.

ನಜ್ಮಾ: ಇನ್ನೂ ವರ್ಷ ಆಗಿಲ್ಲ ಸರ್. ಈ ವಾರವೇ ಬರೆಯುತ್ತೇನೆ.

ಸುಮಾ: ಹಾಗಾದರೆ ‘ತಡವಾದರೂ ಕಾರಣ ಕೊಟ್ಟರೆ ನೋಡುತ್ತಾರೆ’ ಎಂದು ಹಾಳೆಯಲ್ಲಿ ಬರೆಯಲಾ?

ರವೀಂದ್ರ: ನಾನಾದರೆ ಬರೆಯುವುದಿಲ್ಲ. ಆ ಸಾಲು ಇದ್ದರೆ ಆಗಸ್ಟ್ 11 ಯಾರಿಗೂ ಗಡುವು ಅನ್ನಿಸುವುದಿಲ್ಲ. ಕಾರಣ ಒಪ್ಪುವುದು ಬಿಡುವುದು ಕಂಪನಿಯವರ ಕೈಯಲ್ಲಿ.

ನಜ್ಮಾ: ನಾನು ಒಪ್ಪಲ್ಲ. ಆ ಸಾಲು ಇದ್ದಿದ್ದರೆ ಪತ್ರ ಬಂದ ದಿನವೇ ನಾನು ಬರೆಯುತ್ತಿದ್ದೆ. ಸುಮ್ನೆ ಕೂತೆ, ಮುಗೀತು ಅಂದುಕೊಂಡು.

ಸುಮಾ: ಇಬ್ಬರ ಮಾತೂ ನಿಜ ಅನ್ನಿಸುತ್ತಿದೆ. ‘ಕ್ಲೇಮ್ ತಿರಸ್ಕಾರ ಆದರೆ ಏನು ಮಾಡಬೇಕು?’ ಎಂಬ ಬೇರೆ ಪ್ರಶ್ನೆಯಲ್ಲಿ ಹಾಕಬಹುದೇನೋ. ನಮ್ಮ ಕಾರ್ಯದರ್ಶಿಯವರನ್ನು ಕೇಳುತ್ತೇನೆ.

ರವೀಂದ್ರ: ಅದು ನೋಡಿ. ಇನ್ನೊಂದು ಕೆಲಸ ಮಾಡಿ. ಪ್ರತಿ ಉತ್ತರದ ಕೊನೆಗೆ ಪಾಲಿಸಿಯ ಷರತ್ತಿನ ಸಂಖ್ಯೆ ಹಾಕಿ. ಇಡೀ ಹಾಳೆಯನ್ನು ಬ್ರೋಕರ್ ಮೂಲಕ ಕಂಪನಿಗೆ ಕಳಿಸಿ ‘ಸರಿಯಿದೆ’ ಎಂದು ಉತ್ತರ ತರಿಸಿಕೊಳ್ಳಿ. ಮೇಲ್ಗಡೆ ಹಾಳೆಯ ತಾರೀಖು ಇರಲಿ. ಪಾಲಿಸಿಗೆ ತಿದ್ದುಪಡಿ ಬಂದಾಗ ಹಳೆಯ ಹಾಳೆ ವಾಟ್ಸಾಪಿನಲ್ಲಿ ಸುತ್ತುತ್ತಲೇ ಇರುತ್ತದೆ, ಯಾವುದು ಹೊಸದು ಎಂದು ಗೊತ್ತಾಗಬೇಕು.

ಹಂಚುವ ಮೊದಲು ವಿಮೆಯ ಗಂಧ ಇಲ್ಲದ ಒಬ್ಬರಿಗೆ ಓದಲು ಕೊಡಿ. ‘ಜುಲೈ 20ಕ್ಕೆ ಡಿಸ್ಚಾರ್ಜ್ ಆದರೆ ಬಿಲ್ಲು ಯಾವತ್ತಿನೊಳಗೆ?’ ಎಂದು ಕೇಳಿ. ಆಗಸ್ಟ್ 19 ಎಂದು ಹೇಳಿದರೆ ಹಾಳೆ ಸರಿಯಿದೆ. ಬೇರೆ ತಾರೀಖು ಬಂದರೆ ಆ ಉತ್ತರವನ್ನು ತಿದ್ದಿ.

ಸುಮಾ: ನಮ್ಮ ಪಿಗ್ಮಿ ಕಲೆಕ್ಷನ್ ಮಾಡುವವರಿಗೆ ನಾಳೆಯೇ ಕೊಡುತ್ತೇನೆ ಸರ್. ಆಗಸ್ಟ್ 10ಕ್ಕೆ ಹುಟ್ಟಿದ ಮಗುವಿನ ಹೆಸರು ಸೆಪ್ಟೆಂಬರ್ 9ರೊಳಗೆ, ಇದೂ ಸರಿ ತಾನೇ?

ರವೀಂದ್ರ: ಸರಿ, ಎಣಿಕೆ ಮರುದಿನದಿಂದ ಎಂದು ಕಂಪನಿ ಒಪ್ಪಿದರೆ. ಮಗುವಿಗೆ ಹೆಸರು ಇಟ್ಟಿರದಿದ್ದರೂ ‘ಇಂಥವರ ಮಗು’ ಎಂದು ಜನನ ದಾಖಲೆಯೊಂದಿಗೆ ಕೊಡಬಹುದೇ ಎಂದು ಅದೇ ಇಮೇಲಿನಲ್ಲಿ ಕೇಳಿಬಿಡಿ. ನಾಮಕರಣಕ್ಕೆ ಕಾದು ಕೂತು ಗಡುವು ಮೀರಿದವರು ಜಾಸ್ತಿ.