ಅಪ್‌ಡೇಟ್: ಫೈನಲ್‌ಗೆ ಮೊದಲೇ ಲಾಭ ಭದ್ರವಾಯಿತು

ನನ್ನ ಪ್ರಶ್ನೆ: "ಇಂಗ್ಲೆಂಡಿನಲ್ಲಿರುವ ನಮ್ಮಣ್ಣ ಟೂರ್ನಿಯ ಆರಂಭದಲ್ಲೇ ಒಂದು ಫುಟ್‌ಬಾಲ್ ತಂಡ ಕಪ್ ಗೆಲ್ಲುತ್ತದೆಂದು 13.00 ದರದಲ್ಲಿ 50 ಪೌಂಡ್ ಕಟ್ಟಿದ್ದಾನೆ. ತಂಡ ಫೈನಲ್ ತಲುಪಿದೆ. ಈಗಲೇ ಲಾಭ ಉಳಿಸಿಕೊಳ್ಳುವುದು ಹೇಗೆ?"

ನಾನು ಹುಬ್ಬಳ್ಳಿಯಿಂದ, ಅಣ್ಣ ಅಲ್ಲಿಂದ ಫೋನಿನಲ್ಲೇ ಲೆಕ್ಕ ಹಾಕಿದೆವು. ತಂಡ ಗೆದ್ದರೆ ಬರುವ 650 ಪೌಂಡನ್ನು ಎದುರಾಳಿಯ 2.50 ದರದಿಂದ ಭಾಗಿಸಿದಾಗ 260 ಬಂತು. ಅಷ್ಟನ್ನು ಎದುರಾಳಿಯ ಮೇಲೆ ಕಟ್ಟಿದ್ದರಿಂದ, ಯಾರೇ ಗೆದ್ದರೂ 650 ಕೈಸೇರಿ, ಒಟ್ಟು ಹೂಡಿದ 310 ಕಳೆದು 340 ಪೌಂಡ್ ಉಳಿಯುವಂತಾಯಿತು.

ಎಚ್ಚರ ಬೇಕಾದದ್ದು ದರ ಆರಿಸುವಾಗ. ಅದೇ ಎದುರಾಳಿಗೆ ಇನ್ನೊಂದು ಸಾಲಿನಲ್ಲಿ 3.20 ದರವಿತ್ತು, ಆದರೆ ಅದು 90 ನಿಮಿಷದ ಫಲಿತಾಂಶಕ್ಕೆ ಮಾತ್ರ ಅನ್ವಯಿಸುವುದರಿಂದ, ಪಂದ್ಯ ಸಮವಾಗಿ ಎದುರಾಳಿ ಪೆನಾಲ್ಟಿಯಲ್ಲಿ ಗೆದ್ದರೆ ಎರಡೂ ಕಡೆಯ ಹಣ ಮುಳುಗುತ್ತಿತ್ತು. ಆದ್ದರಿಂದ ಕಪ್ ಎತ್ತುವವರು ಯಾರೆಂಬ ಸಾಲಿನ 2.50 ದರವನ್ನೇ ಹಿಡಿದೆವು. ಕೊನೆಗೆ ಎದುರಾಳಿ ಹೆಚ್ಚುವರಿ ಸಮಯದಲ್ಲಿ ಗೆದ್ದಿತು, ಹಣ ಖಾತೆಗೆ ಜಮೆಯಾಗಿದೆ.