ಸಹಾಯ ಬೇಕು: ಅಂಗಡಿ ಬಾಡಿಗೆ ಕರಾರಿಗೆ ಸಹಿ ಹಾಕುವ ಮುಂಚೆ

ಎಲ್ಲರಿಗೂ ನಮಸ್ಕಾರ. ದಾವಣಗೆರೆಯಲ್ಲಿ ನನ್ನ ತಂಗಿ ಬೇಕರಿ ಇಡಲು ಒಂದು ಮಳಿಗೆ ನೋಡಿದ್ದಾಳೆ. ಕರಾರು ಐದು ವರ್ಷಕ್ಕೆ, ನೋಂದಣಿಗೂ ಮಾಲೀಕರು ಒಪ್ಪಿದ್ದಾರೆ. ತಿಂಗಳಿಗೆ 28,000 ಬಾಡಿಗೆ, 3 ಲಕ್ಷ ಅಡ್ವಾನ್ಸ್. ಕರಡು ಓದಿದ ಮೇಲೆ ನನಗೆ ಭಯವಾಗಿದೆ.

ಲಾಕ್-ಇನ್ 36 ತಿಂಗಳು, ಅದೂ ಬಾಡಿಗೆದಾರರಿಗೆ ಮಾತ್ರ. ಮಾಲೀಕರು ಎರಡು ತಿಂಗಳ ನೋಟಿಸ್ ಕೊಟ್ಟು ಯಾವಾಗ ಬೇಕಾದರೂ ಬಿಡಿಸಬಹುದು. ಅವಳು ಮಧ್ಯೆ ಬಿಟ್ಟರೆ ಉಳಿದ ತಿಂಗಳುಗಳ ಬಾಡಿಗೆ ಪೂರ್ತಿ ಕಟ್ಟಬೇಕು. ಬಾಡಿಗೆ ಪ್ರತಿ ವರ್ಷ ಶೇ. 10 ಏರುತ್ತದೆ, ಏರಿದ ಮೊತ್ತದ ಮೇಲೆಯೇ ಮತ್ತೆ ಏರಿಕೆ. ಎರಡನೇ ವರ್ಷ 30,800, ಮೂರನೇ ವರ್ಷ 33,880. ವ್ಯಾಪಾರ ಕೈಹಿಡಿಯದೆ 14 ತಿಂಗಳಿಗೆ ಮುಚ್ಚಿದರೆ ಬಾಕಿ 22 ತಿಂಗಳಿಗೆ 7,14,560 ರೂಪಾಯಿ! ಅಡ್ವಾನ್ಸ್ ಮುರಿದುಕೊಂಡರೂ 4 ಲಕ್ಷಕ್ಕಿಂತ ಹೆಚ್ಚು ಕೈಯಿಂದ ಹೋಗುತ್ತದೆ.

ಇನ್ನು ರಿಪೇರಿ. "ಎಲ್ಲ ಬಗೆಯ ದುರಸ್ತಿ ಬಾಡಿಗೆದಾರರದ್ದು" ಎಂದು ಒಂದೇ ಸಾಲು. ಹಿಂದಿನ ಗೋಡೆಯಲ್ಲಿ ಈಗಲೇ ತೇವದ ಕಲೆಯಿದೆ, ಆರ್‌ಸಿಸಿ ಛಾವಣಿಯ ಒಂದು ಮೂಲೆಯಲ್ಲಿ ಕಂಬಿ ಕಾಣುತ್ತಿದೆ. ಶಟರ್, ನಲ್ಲಿ, ವೈರಿಂಗ್ ನಾವು ನೋಡಿಕೊಳ್ಳುತ್ತೇವೆ. ಛಾವಣಿ, ಪಿಲ್ಲರ್ ಮಾಲೀಕರದ್ದೇ ಎಂದು ಬರೆಸಿ, ಈಗಿನ ಸ್ಥಿತಿಯ ಫೋಟೊಗಳನ್ನು ಎರಡೂ ಕಡೆಯ ಸಹಿಯೊಂದಿಗೆ ಕರಾರಿಗೆ ಲಗತ್ತಿಸಬೇಕೆಂದಿದ್ದೇನೆ.

ಲಾಕ್-ಇನ್ 12 ತಿಂಗಳಿಗೆ ಇಳಿಸಿ, ಅಷ್ಟು ದಿನ ಮಾಲೀಕರೂ ಬಿಡಿಸುವಂತಿಲ್ಲ ಎಂದು ಕೇಳುವುದು ನ್ಯಾಯವಲ್ಲವೇ? ಉಳಿದ ಬಾಡಿಗೆಯ ಬದಲು ಮೂರು ತಿಂಗಳದ್ದಕ್ಕೆ ಮಿತಿ ಹಾಕಿಸಿದವರು ಯಾರಾದರೂ ಇದ್ದೀರಾ? ಆ ಷರತ್ತನ್ನು ಹೇಗೆ ಬರೆಸಿದಿರಿ? ಬಾಡಿಗೆ ಕರಾರು ನೋಡುವ ವಕೀಲರು ಗೊತ್ತಿದ್ದರೆ ದಯವಿಟ್ಟು ಮೆಸೇಜ್ ಮಾಡಿ. ಸೋಮವಾರ ಸಹಿಗೆ ಕರೆದಿದ್ದಾರೆ.